ಕಲ್ಲಿನ ಚುಕ್ಕೆ, ಯಂತ್ರದ ಚುಕ್ಕೆ

ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಹಳೆಯ ವಾಡೆಗಳಲ್ಲಿ, ಪಡಸಾಲೆಯ ಗೋಡೆಯ ಮೇಲಾಗಲಿ ದೇವರಮನೆಯ ಗೂಡಿನ ಮೇಲ್ಗಡೆಯಲ್ಲಾಗಲಿ, ಹೊಗೆಯಿಂದ ಕಪ್ಪಾದ ಸಾಗವಾನಿಯ ಕಟ್ಟಿನೊಳಗೆ ಕಮಲದ ಮೇಲೆ ನಿಂತ ಲಕ್ಷ್ಮಿಯೋ ವೀಣಾಪಾಣಿಯಾದ ಸರಸ್ವತಿಯೋ ಇಂದಿಗೂ ಕಾಣಸಿಗುವುದುಂಟು. ಈ ಪಟಗಳಲ್ಲಿ ಅನೇಕವು ರಾಜಾ ರವಿವರ್ಮನ ಹೆಸರಿನ ಮುದ್ರಣಾಲಯದಿಂದ ಹೊರಟವು, ಇಲ್ಲವೆ ಅವುಗಳನ್ನು ಅನುಸರಿಸಿ ಬೇರೆಡೆ ಅಚ್ಚಾದವು. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ಆ ಮುದ್ರಣಾಲಯವು ಕೆಲವೇ ವರ್ಷಗಳಲ್ಲಿ ಲೋಣಾವಳಾದ ಬಳಿಯ ಮಳವಲಿಗೆ ಸ್ಥಳಾಂತರಗೊಂಡು, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಫ್ರಿಟ್ಜ್ ಶ್ಲೈಷರ್ ಎಂಬ ಜರ್ಮನ್ ತಂತ್ರಜ್ಞನ ಕೈಸೇರಿ, ದೀರ್ಘಕಾಲ ನಡೆದು, 1972ರಲ್ಲಿ ಅಗ್ನಿಗೆ ಆಹುತಿಯಾಯಿತು. ಧಾರವಾಡ ಜಿಲ್ಲೆಯು ಆಗ ಮುಂಬಯಿ ಇಲಾಖೆಗೆ ಸೇರಿತ್ತು. ಕುಂದಗೋಳವು ಜಮಖಂಡಿ ಸಂಸ್ಥಾನದ ಆಡಳಿತದಲ್ಲಿತ್ತು. ಎರಡೂ ಕಡೆಯ ಜನರಿಗೆ ವ್ಯಾಪಾರಕ್ಕೂ ವಿದ್ಯೆಗೂ ಪುಣೆ ಮುಂಬಯಿಗಳ ಹಾದಿಯೇ ಬಳಕೆಯ ಹಾದಿಯಾಗಿದ್ದುದರಿಂದ, ಆ ಊರುಗಳ ಅಚ್ಚಿನ ಪಟಗಳು ಈ ಎರೆಯ ನಾಡಿನ ಮನೆಗಳಿಗೆ ಬಂದು ಸೇರಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಅಣ್ಣಿಗೇರಿಯ ನಿವೃತ್ತ ಮಾಸ್ತರರೊಬ್ಬರ ಮನೆಯಲ್ಲಿ ಇಂಥ ಲಕ್ಷ್ಮಿಯ ಪಟವೊಂದಿದೆ. ಅವರ ಅಜ್ಜನ ಕಾಲದಲ್ಲಿ ಬಂದುದೆಂದು ಮನೆಯವರ ಹೇಳಿಕೆ. ಈಚೆಗೆ ಅವರ ಮಗನು ಪಟ್ಟಣದ ಅಂಗಡಿಯೊಂದರಿಂದ ಅದೇ ಲಕ್ಷ್ಮಿಯ ಇನ್ನೊಂದು ಪ್ರತಿಯನ್ನು ದೊಡ್ಡ ಬೆಲೆ ಕೊಟ್ಟು ತಂದನು. ಇದರ ಕಾಗದವು ದಪ್ಪನಾಗಿ ಮೇಲ್ಮೈ ಒರಟಾಗಿದೆ. ಕೆಳಗಿನ ಅಂಚಿನಲ್ಲಿ ಎಡಗಡೆಗೆ ಪೆನ್ಸಿಲಿನಿಂದ 27/100 ಎಂದು ಬರೆದಿದೆ. ಜೊತೆಗೆ ಕೊಟ್ಟ ಪ್ರಮಾಣಪತ್ರದಲ್ಲಿ ಇದು ಸೀಮಿತ ಆವೃತ್ತಿಯ ಲಿಥೋಗ್ರಾಫ್, ಅಂದರೆ ಕಲ್ಲಚ್ಚಿನ ಚಿತ್ರ, ಎಂದು ನಮೂದಿಸಿದೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಮಾಸ್ತರರು ನನ್ನನ್ನು ಕೇಳಿದರು: “ಹಳೇದಕ್ಕ ನಂಬರೂ ಇಲ್ಲ, ಸಹೀನೂ ಇಲ್ಲ. ಹೊಸದಕ್ಕ ಎಲ್ಲಾ ಐತಿ. ಹಂಗಾದ್ರ ಖರೇ ಯಾವುದ್ರಿ?”

ಇಂಥ ಪ್ರಶ್ನೆ ಎದುರಾದಾಗ ಸಾಮಾನ್ಯವಾಗಿ ಎಲ್ಲರ ಕಣ್ಣೂ ಮೊದಲು ಹೋಗುವುದು ಸಂಖ್ಯೆಯ ಕಡೆಗೆ; ಅಲ್ಲಿಂದ ಕಾಗದಕ್ಕೆ; ಚುಕ್ಕೆಗಳನ್ನಂತೂ ನೋಡುವವರೇ ವಿರಳ. ಪರೀಕ್ಷೆಯ ಕ್ರಮವು ಇದಕ್ಕೆ ನೇರ ವಿರುದ್ಧವಾಗಿರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಸಂಖ್ಯೆಯನ್ನು ಯಾರು ಬೇಕಾದರೂ ಎಷ್ಟು ಹೊತ್ತಿಗೆ ಬೇಕಾದರೂ ಬರೆಯಬಲ್ಲರು. ಕಾಗದವನ್ನು ಹಣ ಕೊಟ್ಟು ಕೊಳ್ಳಬಲ್ಲರು. ಆದರೆ ಮಸಿಯು ಕಾಗದದ ಮೇಲೆ ಯಾವ ರೀತಿಯಲ್ಲಿ ಬಂದು ಕುಳಿತಿತೆಂಬುದನ್ನು ಆ ಮಸಿಯ ಚುಕ್ಕೆಗಳಿಂದ ಅಳಿಸಿಹಾಕುವುದು ಯಾರಿಗೂ ಸಾಧ್ಯವಿಲ್ಲ. ಆದಕಾರಣ ಚುಕ್ಕೆಗಳಿಂದಲೇ ಆರಂಭಿಸೋಣ.

ಕಲ್ಲಚ್ಚಿನ ವಿದ್ಯೆಯನ್ನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಅಲೋಯಿಸ್ ಸೆನೆಫೆಲ್ಡರನು ಕಂಡುಹಿಡಿದನು. ಇದರ ತತ್ತ್ವವು ಅತ್ಯಂತ ಸರಳವಾದುದು: ಎಣ್ಣೆ ಮತ್ತು ನೀರು ಒಂದನ್ನೊಂದು ದೂರ ಸರಿಸುತ್ತವೆ. ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದಾಗಲಿ ಜಿಡ್ಡಿನ ಕಡ್ಡಿಯಿಂದಾಗಲಿ ಚಿತ್ರ ಬರೆದು, ಕಲ್ಲನ್ನು ರಾಸಾಯನಿಕವಾಗಿ ಹದಗೊಳಿಸಿ ನೀರಿನಿಂದ ತೇವಮಾಡಿದರೆ, ಬರೆದ ಭಾಗವು ನೀರನ್ನು ತಿರಸ್ಕರಿಸಿ ಮಸಿಯನ್ನು ಹಿಡಿಯುತ್ತದೆ, ಬರೆಯದ ಭಾಗವು ನೀರನ್ನು ಹಿಡಿದು ಮಸಿಯನ್ನು ತಿರಸ್ಕರಿಸುತ್ತದೆ. ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವೂ 1843ರಲ್ಲಿ ಹೀಗೆಯೇ ಕಲ್ಲಿನ ಮೇಲಿಂದ ಅಚ್ಚಾಗಿ ಹೊರಬಂದಿತು. ಬಣ್ಣದ ಚಿತ್ರವಾದರೆ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಬೇಕು. ಹಳದಿಯ ಕಲ್ಲು, ತಿಳಿಗೆಂಪಿನ ಕಲ್ಲು, ಕಡುಗೆಂಪಿನ ಕಲ್ಲು, ನೀಲಿಯ ಕಲ್ಲು, ಬೂದಿಬಣ್ಣದ ಕಲ್ಲು ಎಂದು ಹತ್ತರ ಆಸುಪಾಸಿನಷ್ಟು ಕಲ್ಲುಗಳ ಮೇಲೆ ಒಂದೇ ಚಿತ್ರವನ್ನು ಬಿಡಿಬಿಡಿಯಾಗಿ ಬರೆದು, ಅದೇ ಕಾಗದವನ್ನು ಅಷ್ಟೂ ಸಲ ಯಂತ್ರದಲ್ಲಿ ಹಾಯಿಸಿ, ಪ್ರತಿಸಲವೂ ಕೂದಲೆಳೆಯಷ್ಟೂ ಅತ್ತಿತ್ತಾಗದಂತೆ ಹೊಂದಿಸಬೇಕಾಗಿತ್ತು.

ಇಲ್ಲಿ ನಮಗೆ ಮುಖ್ಯವಾದ ಸಂಗತಿಯೆಂದರೆ, ಕಲ್ಲಾಗಲಿ ಇನ್ನಾವ ಅಚ್ಚಾಗಲಿ ಮಸಿಯನ್ನು ಹಚ್ಚಬಲ್ಲುದು ಇಲ್ಲವೆ ಬಿಡಬಲ್ಲುದೇ ಹೊರತು, ಅರ್ಧಮಸಿಯನ್ನು ಹಚ್ಚಲಾರದು. ಹಾಗಿರುವಾಗ ಲಕ್ಷ್ಮಿಯ ಕೆನ್ನೆಯು ಬೆಳಕಿನಿಂದ ನೆರಳಿಗೆ ಮೆಲ್ಲಮೆಲ್ಲನೆ ಜಾರುವುದನ್ನು ತೋರಿಸುವುದು ಹೇಗೆ? ಚುಕ್ಕೆಗಳಿಂದ. ರವಿವರ್ಮನ ಮುದ್ರಣಾಲಯದ ಕುಶಲಕರ್ಮಿಯು ಲೇಖನಿಯ ತುದಿಯನ್ನು ಜಿಡ್ಡುಮಸಿಯಲ್ಲಿ ಅದ್ದಿ, ನೆರಳು ದಟ್ಟವಾಗಿರುವಲ್ಲಿ ಒತ್ತೊತ್ತಾಗಿ, ಬೆಳಕಿರುವಲ್ಲಿ ವಿರಳವಾಗಿ, ಸಾವಿರಾರು ಚುಕ್ಕೆಗಳನ್ನು ಕೈಯಿಂದಲೇ ಇಟ್ಟನು. ಮನುಷ್ಯನ ಕೈ ಇಟ್ಟ ಚುಕ್ಕೆಗಳಾದುದರಿಂದ ಅವುಗಳ ಗಾತ್ರ ಒಂದೇ ಸಮನಾಗಿಲ್ಲ, ಅಂತರವೂ ಒಂದೇ ಸಮನಾಗಿಲ್ಲ. ಅವು ಕೆನ್ನೆಯ ಉಬ್ಬನ್ನೂ ತೋಳಿನ ದುಂಡನ್ನೂ ಅನುಸರಿಸಿ ಬಾಗಿಬಾಗಿ ಸಾಗುತ್ತವೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯನ್ನು ಹಳೆಯ ಪಟದ ಮುಖದ ಮೇಲಿಟ್ಟರೆ, ತಿಳಿಗೆಂಪಿನ ಚುಕ್ಕೆಗಳ ನಡುವೆ ನೀಲಿಯವೂ ಕಂದಿನವೂ ಬೆರೆತು, ಒಂದೊಂದು ಚುಕ್ಕೆಯೂ ತನ್ನದೇ ಬಣ್ಣದಿಂದ ತುಂಬಿ, ಅಂಚು ಸ್ಪಷ್ಟವಾಗಿ ಕಾಣುತ್ತದೆ. ಮಾಸ್ತರರ ಅಜ್ಜನ ಪಟದಲ್ಲಿ ಕಂಡುದು ಇದೇ. ಅದಲ್ಲದೆ ಚಿತ್ರದ ಅಂಚಿನಲ್ಲಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂಡದೆ, ಹಳದಿಯ ಒಂದು ತೆಳ್ಳನೆಯ ಗೆರೆ ಒಂದೆಡೆ, ಗುಲಾಬಿಯ ಒಂದು ಗೆರೆ ಇನ್ನೊಂದೆಡೆ ಹೊರಚಾಚಿದ್ದವು. ಇದನ್ನು ದೋಷವೆಂದೆಣಿಸಬಾರದು, ಬೇರೆಬೇರೆ ಕಲ್ಲುಗಳು ಬೇರೆಬೇರೆ ಹೊತ್ತಿನಲ್ಲಿ ಕಾಗದವನ್ನು ಮುಟ್ಟಿದುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯವಿಲ್ಲ, ಮತ್ತು ಆ ಗೆರೆಗಳನ್ನು ಎಣಿಸಿಯೇ ಕಲ್ಲುಗಳ ಸಂಖ್ಯೆಯನ್ನು ತಕ್ಕಮಟ್ಟಿಗೆ ಊಹಿಸಬಹುದು.

ಯಂತ್ರದ ಚುಕ್ಕೆಯ ಸ್ವಭಾವವೇ ಬೇರೆ. ಆಫ್‌ಸೆಟ್ ಮುದ್ರಣದಲ್ಲಿ, ಅಂದರೆ ಇಂದಿನ ಕ್ಯಾಲೆಂಡರು, ಲಗ್ನಪತ್ರಿಕೆ, ವಾರಪತ್ರಿಕೆಗಳೆಲ್ಲ ಅಚ್ಚಾಗುವ ವಿಧಾನದಲ್ಲಿ, ಚಿತ್ರವನ್ನು ನೀಲಿ, ಕೆನ್ನೇರಳೆ, ಹಳದಿ, ಕಪ್ಪು ಎಂಬ ನಾಲ್ಕೇ ಮಸಿಗಳಾಗಿ ಒಡೆದು, ಪ್ರತಿಯೊಂದನ್ನೂ ಸಮಾನ ಅಂತರದ ಚುಕ್ಕೆಗಳ ಜಾಲವಾಗಿ ಮಾರ್ಪಡಿಸುತ್ತಾರೆ. ಇದಕ್ಕೆ ಹಾಫ್‌ಟೋನ್ ಎಂದು ಹೆಸರು. ಇಲ್ಲಿ ಚುಕ್ಕೆಗಳ ಕೇಂದ್ರಗಳು, ನಮ್ಮ ಅಂಗಳದ ರಂಗೋಲಿಯಲ್ಲಿ ಮೊದಲು ಇಟ್ಟುಕೊಳ್ಳುವ ಚುಕ್ಕೆಗಳ ಸಾಲಿನಂತೆ, ಎಲ್ಲಿಯೂ ತಮ್ಮ ಸ್ಥಾನ ತಪ್ಪುವುದಿಲ್ಲ. ನೆರಳು ಬೆಳಕಿಗೆ ತಕ್ಕಂತೆ ಹಿಗ್ಗುವುದೂ ಕುಗ್ಗುವುದೂ ಚುಕ್ಕೆಯ ಗಾತ್ರ ಮಾತ್ರ. ನಾಲ್ಕು ಜಾಲಗಳನ್ನು ಒಂದೇ ದಿಕ್ಕಿನಲ್ಲಿ ಹಾಸಿದರೆ ಅವು ಒಂದಕ್ಕೊಂದು ತಾಕಿ ಕಣ್ಣಿಗೆ ಅಹಿತವಾದ ಪಟ್ಟೆಗಳು ಏಳುವುದರಿಂದ, ಕಪ್ಪನ್ನು 45 ಅಂಶ, ಕೆನ್ನೇರಳೆಯನ್ನು 75 ಅಂಶ, ನೀಲಿಯನ್ನು 15 ಅಂಶ ಓರೆಯಾಗಿಸಿ, ಕಣ್ಣಿಗೆ ಅತ್ಯಂತ ಮಂದವಾಗಿ ತೋರುವ ಹಳದಿಯನ್ನು ನೇರವಾಗಿಡುವುದು ರೂಢಿ. ಹೀಗೆ ಓರೆಗೊಂಡ ಜಾಲಗಳು ಕೂಡಿದಾಗ ಭೂತಗನ್ನಡಿಯಲ್ಲಿ ಸಣ್ಣಸಣ್ಣ ಹೂವಿನ ಆಕೃತಿಗಳು ಕಾಣಿಸಿಕೊಳ್ಳುತ್ತವೆ. ಚಿತ್ರದ ಎಲ್ಲ ಭಾಗಗಳಲ್ಲಿಯೂ, ಮುಖದಲ್ಲಾಗಲಿ ಸೀರೆಯಲ್ಲಾಗಲಿ ಆಕಾಶದಲ್ಲಾಗಲಿ, ಅದೇ ಹೂವಿನ ಸಾಲು ಕಂಡರೆ, ಅದು ಕೈಯಿಂದ ಬರೆದ ಕಲ್ಲಿನ ಕೆಲಸವಲ್ಲ, ಛಾಯಾಚಿತ್ರದ ಮೂಲಕ ತೆಗೆದ ನಕಲು ಎಂದು ನಿಶ್ಚಯಿಸಬಹುದು. ಆದರೆ ಅಷ್ಟಕ್ಕೇ ಅದು ಹೊಸದೆಂದು ತೀರ್ಮಾನಿಸಬಾರದು. ಹಾಫ್‌ಟೋನ್ ವಿದ್ಯೆಯೂ ನೂರು ವರ್ಷಗಳಿಗಿಂತ ಹಳೆಯದು. ಕಲಕತ್ತೆಯ ಉಪೇಂದ್ರಕಿಶೋರ ರಾಯಚೌಧುರಿಯವರು ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗಾಗಲೇ ಅದರಲ್ಲಿ ಸ್ವತಂತ್ರವಾದ ಸಂಶೋಧನೆ ನಡೆಸಿದ್ದರು.

ಮೂರನೆಯದು ಇಂಕ್‌ಜೆಟ್. ಇಂದು ‘ಸೀಮಿತ ಆವೃತ್ತಿ’ ಎಂಬ ಹೆಸರಿನಲ್ಲಿ ಮಾರಾಟವಾಗುವ ಪಟಗಳಲ್ಲಿ ಬಹಳಷ್ಟು ಇದರಿಂದಲೇ ಆದವು; ಜಿಕ್ಲೇ ಎಂದು ವ್ಯಾಪಾರಿಗಳು ಕರೆಯುವುದೂ ಇದನ್ನೇ. ಇಲ್ಲಿ ಜಾಲವೂ ಇಲ್ಲ, ಹೂವೂ ಇಲ್ಲ. ಕೆಲವೇ ಪಿಕೋಲೀಟರಿನ ಮಸಿಹನಿಗಳು ಯಂತ್ರದ ಸೂಕ್ಷ್ಮ ರಂಧ್ರಗಳಿಂದ ಚಿಮ್ಮಿ, ಲೆಕ್ಕಹಾಕಿ ಚದುರಿಸಿದ ಧೂಳಿನಂತೆ ಕಾಗದದ ಮೇಲೆ ಬೀಳುತ್ತವೆ. ನಾಲ್ಕು ಪಿಕೋಲೀಟರಿನ ಹನಿಯ ವ್ಯಾಸವು ಗಾಳಿಯಲ್ಲಿರುವಾಗ ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟಿದ್ದು, ಕಾಗದದಲ್ಲಿ ಹೀರಿಕೊಂಡಾಗ ಇನ್ನೂ ಸ್ವಲ್ಪ ಹರಡುತ್ತದೆ. ಹತ್ತು ಪಟ್ಟಿನ ಭೂತಗನ್ನಡಿಗೆ ಇದು ಒಂದು ಬಗೆಯ ನಯವಾದ ಮಬ್ಬಾಗಿ ತೋರಿ, ನೋಡುವವನು ಚುಕ್ಕೆಗಳೇ ಇಲ್ಲವೆಂದು ಮೋಸಹೋಗುವ ಸಂಭವವುಂಟು. ಮೂವತ್ತರಿಂದ ಅರವತ್ತು ಪಟ್ಟಿನ, ದೀಪವುಳ್ಳ ಸಣ್ಣ ಕೈಸೂಕ್ಷ್ಮದರ್ಶಕವಿದ್ದರೆ ತೊಂದರೆಯಿಲ್ಲ. ತಿಳಿಬಣ್ಣದ ಭಾಗಗಳನ್ನು ಅದರಲ್ಲಿ ನೋಡಬೇಕು. ಹನಿಗಳು ಬಿಡಿಬಿಡಿಯಾಗಿ ಎದ್ದುಕಾಣುವುದು ಅಲ್ಲಿಯೇ.

ಮಾಸ್ತರರ ಮಗನು ತಂದ ಪಟದ ಮೇಲೆ ಸೂಕ್ಷ್ಮದರ್ಶಕವನ್ನಿಟ್ಟಾಗ ಕಂಡ ದೃಶ್ಯವನ್ನು ಕೊಂಚ ವಿಸ್ತಾರವಾಗಿ ಹೇಳಬೇಕಾಗಿದೆ. ಬರಿಗಣ್ಣಿಗೆ ಹಾಗೂ ಹತ್ತು ಪಟ್ಟಿನ ಭೂತಗನ್ನಡಿಗೆ ಅದರಲ್ಲಿಯೂ ಲಕ್ಷ್ಮಿಯ ಕೆನ್ನೆಯ ಮೇಲೆ ಕೈಯಿಂದ ಇಟ್ಟ ಚುಕ್ಕೆಗಳೇ ಇದ್ದವು. ಬಾಗಿ ಸಾಗುವ ಸಾಲುಗಳೂ ಇದ್ದವು. ಅಷ್ಟಕ್ಕೇ ತೃಪ್ತಿಪಟ್ಟಿದ್ದರೆ ಅದನ್ನು ಕಲ್ಲಚ್ಚೆಂದೇ ಒಪ್ಪಬೇಕಾಗುತ್ತಿತ್ತು. ಆದರೆ ಅರವತ್ತು ಪಟ್ಟಿನಲ್ಲಿ ಒಂದೊಂದು ಚುಕ್ಕೆಯೂ ಒಡೆದುಹೋಯಿತು. ಹಳೆಯ ಪಟದಲ್ಲಿ ಕೆಂಪು ಚುಕ್ಕೆಯೆಂದರೆ ಒಂದೇ ಕೆಂಪು ಮಸಿಯ ತುಂಬುಚುಕ್ಕೆ. ಇಲ್ಲಿಯ ಕೆಂಪು ಚುಕ್ಕೆಯು ಕೆನ್ನೇರಳೆ ಮತ್ತು ಹಳದಿಯ ನೂರಾರು ಹನಿಗಳ ಗುಂಪು, ಅಂಚಿನಲ್ಲಿ ಗಡಿಯಿಲ್ಲದೆ ಸುತ್ತಲಿನ ಬಣ್ಣದೊಳಗೆ ಕರಗಿಹೋಗುವಂಥದು. ಅಂದರೆ, ಯಾರೋ ಒಂದು ನಿಜವಾದ ಹಳೆಯ ಕಲ್ಲಚ್ಚಿನ ಪಟವನ್ನು ಸ್ಕ್ಯಾನ್ ಮಾಡಿ, ಅದರ ಚುಕ್ಕೆಗಳ ಸಹಿತವಾಗಿ ಇಂಕ್‌ಜೆಟ್ಟಿನಲ್ಲಿ ಅಚ್ಚು ಹಾಕಿದ್ದರು. ಕಲ್ಲಿನ ಚುಕ್ಕೆಯ ಚಿತ್ರವಿತ್ತು, ಕಲ್ಲಿನ ಚುಕ್ಕೆ ಇರಲಿಲ್ಲ. ಮೂಲದಲ್ಲಿ ಒಂದೇ ಕಂದುಮಸಿಯಿಂದ ಅಚ್ಚಾಗಿರಬೇಕಾದ ಕೆಳಗಿನ ಸಣ್ಣ ಅಕ್ಷರಗಳನ್ನು ಪರೀಕ್ಷಿಸಿದಾಗ ಈ ಮಾತು ಇನ್ನಷ್ಟು ಸ್ಫುಟವಾಯಿತು. ಆ ಅಕ್ಷರಗಳ ಕಾಲುಗಳಲ್ಲಿ ನೀಲಿ, ಕೆನ್ನೇರಳೆ, ಹಳದಿಯ ಹನಿಗಳು ಬೆರಕೆಯಾಗಿದ್ದವು. ಮುಖವನ್ನು ನೋಡಲು ವ್ಯವಧಾನವಿಲ್ಲದವನು ಸಣ್ಣ ಅಕ್ಷರಗಳನ್ನಾದರೂ ನೋಡಬೇಕು. ಬೇರೆಬೇರೆ ಕಲ್ಲುಗಳಿಂದ ಬಣ್ಣ ಕೂಡಿಸುವವನು ಒಂದು ಸಣ್ಣ ಅಕ್ಷರಕ್ಕಾಗಿ ಮೂರು ಕಲ್ಲುಗಳನ್ನು ಕೆಲಸಕ್ಕೆ ಹಚ್ಚುವುದಿಲ್ಲ.

ಸೂಕ್ಷ್ಮದರ್ಶಕ ಹಿಡಿದು ಊರೂರು ತಿರುಗುವುದು ಎಲ್ಲರಿಗೂ ಆಗುವ ಮಾತಲ್ಲ. ಈಗ ಹೆಚ್ಚಿನ ವಿಚಾರಣೆಗಳು ನಡೆಯುವುದು ಮೊಬೈಲಿನಲ್ಲಿ ತೆಗೆದ ಹತ್ತಿರದ ಚಿತ್ರಗಳ ಮೂಲಕವೇ. ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮನದಟ್ಟು ಮಾಡಿಕೊಳ್ಳುವುದು ಅವಶ್ಯ. ಉತ್ತಮ ಆಫ್‌ಸೆಟ್ ಕೆಲಸದಲ್ಲಿ ಅಂಗುಲಕ್ಕೆ 150 ಸಾಲು ಚುಕ್ಕೆಗಳಿರುತ್ತವೆ. ಎಂದರೆ ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ಸುಮಾರು 0.17 ಮಿಲಿಮೀಟರ್. ಐವತ್ತು ಸೆಂಟಿಮೀಟರ್ ಅಗಲದ ಇಡೀ ಪಟವನ್ನು, ಅಗಲಕ್ಕೆ 4,000 ಪಿಕ್ಸೆಲ್ ಕೊಡುವ ಮೊಬೈಲಿನಿಂದ ಒಂದೇ ಸಲಕ್ಕೆ ತೆಗೆದರೆ, ಒಂದು ಪಿಕ್ಸೆಲ್ಲಿನ ಪಾಲಿಗೆ 0.125 ಮಿಲಿಮೀಟರ್ ಬರುತ್ತದೆ. ಒಂದು ಚುಕ್ಕೆಗೆ ಒಂದೂವರೆ ಪಿಕ್ಸೆಲ್ಲೂ ದೊರೆಯಲಿಲ್ಲವೆಂದಾಯಿತು. ಯಾವುದೇ ನಿಯತವಾದ ವಿನ್ಯಾಸವನ್ನು ಗುರುತಿಸಬೇಕಾದರೆ ಕನಿಷ್ಠ ಎರಡಾದರೂ ಬೇಕು. ಎರಡಕ್ಕಿಂತ ಕಡಿಮೆಯಾದಾಗ ಚುಕ್ಕೆಗಳು ಮಾಯವಾಗುವುದಷ್ಟೇ ಅಲ್ಲ, ಪಟದಲ್ಲಿ ಇಲ್ಲವೇ ಇಲ್ಲದ ಅಲೆಯಂಥ ಪಟ್ಟೆಗಳು ಚಿತ್ರದಲ್ಲಿ ಕಾಣಿಸಿಕೊಂಡು ಪರೀಕ್ಷಕನನ್ನು ದಾರಿತಪ್ಪಿಸುತ್ತವೆ. ಅದೇ ಮೊಬೈಲನ್ನು ಹತ್ತಿರಕ್ಕೆ ಒಯ್ದು ಐದು ಸೆಂಟಿಮೀಟರ್ ಅಗಲದ ಭಾಗವನ್ನು ಮಾತ್ರ ತುಂಬಿಸಿ ತೆಗೆದರೆ ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ಹದಿಮೂರು ಪಿಕ್ಸೆಲ್ಲುಗಳು ಸಿಗುತ್ತವೆ. ಹೂವಿನ ಆಕೃತಿಯು ನಿಚ್ಚಳವಾಗಿ ಮೂಡುತ್ತದೆ. ಇಂಕ್‌ಜೆಟ್ಟಿನ ಹನಿಗಳಿಗೆ ಇದೂ ಸಾಲದು. ಮೊಬೈಲಿನ ಕಣ್ಣಿಗೆ ಸಿಕ್ಕಿಸುವ ಮ್ಯಾಕ್ರೋ ಮಸೂರವನ್ನು ಬಳಸಿ, ಒಂದು ಸೆಂಟಿಮೀಟರಿನಷ್ಟು ಜಾಗವನ್ನು ತುಂಬಿಸಬೇಕಾಗುತ್ತದೆ.

ಅಂಥ ಪ್ರತಿಯೊಂದು ಚಿತ್ರದಲ್ಲಿಯೂ ಮಿಲಿಮೀಟರ್ ಗೆರೆಗಳುಳ್ಳ ಪಟ್ಟಿಯೊಂದರ ತುದಿ ಕಾಣುವಂತಿರಬೇಕು. ಅಳತೆಯಿಲ್ಲದ ಚುಕ್ಕೆಯ ಚಿತ್ರದಿಂದ ಏನನ್ನೂ ಲೆಕ್ಕಹಾಕುವಂತಿಲ್ಲ. ಪಟವನ್ನು ಗಾಜಿನ ಹಿಂದೆ ಇಟ್ಟೇ ತೆಗೆದ ಚಿತ್ರಗಳು ಪ್ರತಿಬಿಂಬದಿಂದಲೂ ಗಾಜಿನ ಅಂತರದಿಂದಲೂ ನಿರುಪಯುಕ್ತವಾಗುತ್ತವೆ. ಇವೆರಡಕ್ಕಿಂತಲೂ ಹೆಚ್ಚು ಹಾನಿಯಾಗುವುದು ಚಿತ್ರವನ್ನು ಕಳಿಸುವಾಗ. ವಾಟ್ಸಾಪಿನಲ್ಲಿ ಸಾಮಾನ್ಯ ಫೋಟೋ ಎಂದು ಕಳಿಸಿದರೆ ಅದು ಗಾತ್ರ ಕುಗ್ಗಿ, ಎಂಟೆಂಟು ಪಿಕ್ಸೆಲ್ಲುಗಳ ಚೌಕಗಳಾಗಿ ಹಿಂಡಲ್ಪಡುತ್ತದೆ, ಮತ್ತು ಆ ಚೌಕಗಳನ್ನೇ ಮುದ್ರಣದ ಜಾಲವೆಂದು ಭ್ರಮಿಸಿದವರನ್ನು ನಾನು ಕಂಡಿದ್ದೇನೆ. ಕಡತವೆಂದು, ಅಂದರೆ ಡಾಕ್ಯುಮೆಂಟ್ ರೂಪದಲ್ಲಿ, ಕಳಿಸಿದರೆ ಮೂಲಚಿತ್ರವು ಇದ್ದುದು ಇದ್ದಂತೆಯೇ ತಲುಪುತ್ತದೆ. ಮಾಸ್ತರರ ಮಗನು ಮೊದಲು ಕಳಿಸಿದ ಚಿತ್ರಗಳಿಂದ ನನಗೆ ಯಾವ ತೀರ್ಮಾನವೂ ಆಗಲಿಲ್ಲ. ಕೆನ್ನೆ, ಕೆಳಗಿನ ಅಕ್ಷರ, ಪೆನ್ಸಿಲಿನ ಸಂಖ್ಯೆ, ಹೀಗೆ ಮೂರೇ ಭಾಗಗಳನ್ನು ಮಸೂರ ಹಚ್ಚಿ ತೆಗೆದು ಕಡತವಾಗಿ ಕಳಿಸಿದ ಮೇಲೆ, ಮನೆಗೆ ಹೋಗಿ ನೋಡುವ ಮೊದಲೇ ಮುಕ್ಕಾಲು ಪಾಲು ವಿಷಯ ತಿಳಿದಿತ್ತು.

ಇನ್ನು ಕಾಗದ. ಕಾಗದದ ಮೇಲ್ಮೈಯನ್ನು ನೋಡಬೇಕಾದರೆ ಬೆಳಕು ಎದುರಿನಿಂದ ಬರಬಾರದು. ಕೋಣೆಯನ್ನು ಕತ್ತಲುಮಾಡಿ, ಬ್ಯಾಟರಿಯನ್ನು ಪಟದ ಒಂದು ಬದಿಗೆ, ಮೇಜಿಗೆ ತಾಗುವಷ್ಟು ತಗ್ಗಿಸಿ ಹಿಡಿಯಬೇಕು. ಓರೆಬೆಳಕಿನಲ್ಲಿ ಎಳೆ, ಉಬ್ಬು, ತಗ್ಗುಗಳೆಲ್ಲ ನೆರಳು ಚೆಲ್ಲುತ್ತವೆ. ತಾಮ್ರದ ತಗಡಿನಿಂದ ತೆಗೆದ ಎಚಿಂಗ್ ಆಗಿದ್ದರೆ ತಗಡಿನ ಅಂಚು ಒತ್ತಿದ ತಗ್ಗುಗೆರೆಯು ಚಿತ್ರದ ಸುತ್ತಲೂ ಕಾಣಬೇಕು, ಮಸಿಯ ಗೆರೆಗಳು ಕಾಗದದಿಂದ ಕೂದಲೆಳೆಯಷ್ಟು ಮೇಲೆದ್ದಿರಬೇಕು. ಕಲ್ಲಚ್ಚಿನಲ್ಲಿ ಇಂಥ ಉಬ್ಬು ತಗ್ಗುಗಳಿರುವುದಿಲ್ಲ, ಮಸಿಯು ಕಾಗದದೊಡನೆ ಸಮತಲವಾಗಿರುತ್ತದೆ. ಇದಕ್ಕೊಂದು ಅಪವಾದವುಂಟು: ಬಣ್ಣದ ಕಲ್ಲಚ್ಚಿನ ಪಟವನ್ನು ತೈಲಚಿತ್ರದಂತೆ ತೋರಿಸುವುದಕ್ಕಾಗಿ ವಾರ್ನಿಶ್ ಬಳಿದು, ಕ್ಯಾನ್ವಾಸಿನ ನೇಯ್ಗೆಯನ್ನು ಕಾಗದದ ಮೇಲೆ ಒತ್ತುತ್ತಿದ್ದುದರಿಂದ ಓಲಿಯೋಗ್ರಾಫ್ ಎಂಬ ಹೆಸರು ಬಂದಿತು. ಆ ನೇಯ್ಗೆಯು ಮಸಿಯ ಮೇಲಿಂದ ಒತ್ತಿದುದಾಗಿ, ಬಣ್ಣವಿದ್ದೆಡೆಯೂ ಇಲ್ಲದೆಡೆಯೂ ಒಂದೇ ತೆರನಾಗಿ ಹಾಯ್ದುಹೋಗುತ್ತದೆ.

ಹೊಸ ಪಟದ ಒರಟು ಕಾಗದವು ಹತ್ತಿಯದೇ ಇದ್ದೀತು. ಕಲಾವಿದರು ಬಳಸುವ ಉತ್ತಮ ಕಾಗದದಲ್ಲಿ ಬಹಳಷ್ಟು ಹತ್ತಿಯ ನಾರಿನದು. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಉಳಿದಿರುವ ಲಿಗ್ನಿನ್ ಎಂಬ ದ್ರವ್ಯವು ಬೆಳಕಿಗೂ ಗಾಳಿಗೂ ಸಿಕ್ಕಿ ಹಳದಿಯಾಗಿ, ಕೊನೆಗೆ ಕಾಗದವು ಮಡಿಸಿದರೆ ಮುರಿಯುವಷ್ಟು ಪೆಡಸಾಗುತ್ತದೆ. ಹತ್ತಿಯ ನಾರಿನಲ್ಲಿ ಲಿಗ್ನಿನ್ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಹತ್ತಿಯ ಕಾಗದವೆಂಬುದು ಪಟದ ಬಾಳಿಕೆಯನ್ನು ಹೇಳುತ್ತದೆಯೇ ವಿನಾ ಅದರ ಮೇಲಿನ ಅಚ್ಚು ಯಾವ ಬಗೆಯದೆಂಬುದನ್ನು ಹೇಳುವುದಿಲ್ಲ. ವಯಸ್ಸನ್ನು ಅಂದಾಜು ಮಾಡಲು ಇನ್ನೊಂದು ದಾರಿಯುಂಟು. ನೋಟು ಪರೀಕ್ಷಿಸಲು ಅಂಗಡಿಗಳಲ್ಲಿ ಇಟ್ಟಿರುವ ನೇರಳಾತೀತ ದೀಪವನ್ನು ಕತ್ತಲೆಯಲ್ಲಿ ಪಟದ ಖಾಲಿ ಅಂಚಿನ ಮೇಲೆ ಹಿಡಿಯಬೇಕು. ಕಾಗದವನ್ನು ಬೆಳ್ಳಗೆ ತೋರಿಸಲು ಬೆರೆಸುವ ಪ್ರಕಾಶಕ ದ್ರವ್ಯಗಳು ಬಳಕೆಗೆ ಬಂದುದು ಸುಮಾರು 1950ರ ನಂತರ. ಅವು ಈ ದೀಪದ ಕೆಳಗೆ ನೀಲಿಬಿಳುಪಾಗಿ ಬೆಳಗುತ್ತವೆ. ಅಜ್ಜನ ಪಟವು ಮಂಕಾದ ಹಳದಿಯಾಗಿಯೇ ಉಳಿಯಿತು. ಹೊಸದು ಥಟ್ಟನೆ ಬೆಳಗಿತು. ಹೀಗೆ ಬೆಳಗಿದ ಕಾಗದವು 1900ರದಾಗಲಾರದು. ಆದರೆ ಬೆಳಗದಿದ್ದುದೆಲ್ಲ ಹಳೆಯದೇ ಎಂದು ತಿಳಿಯುವಂತಿಲ್ಲ, ಏಕೆಂದರೆ ಆ ದ್ರವ್ಯವಿಲ್ಲದ ಕಾಗದವನ್ನು ಇಂದಿಗೂ ತಯಾರಿಸುತ್ತಾರೆ. ಚಹದ ನೀರಿನಲ್ಲಿ ಅದ್ದಿ ಹಳೆಯದೆಂದು ತೋರಿಸಿದ ಕಾಗದವನ್ನೂ ಗುರುತಿಸಬಹುದು: ಆ ಕಲೆಯು ಹಿಂದೆ ಮುಂದೆ ಎಲ್ಲೆಡೆಯೂ ಹರಡಿರುತ್ತದೆ, ಕಾಲವು ಬಳಿದ ಹಳದಿಯಾದರೋ ಬೆಳಕು ಬಿದ್ದ ಭಾಗದಲ್ಲಿ ದಟ್ಟವಾಗಿದ್ದು, ಕಟ್ಟಿನ ತುಟಿಯ ಕೆಳಗೆ ಮುಚ್ಚಿಕೊಂಡಿದ್ದ ಅಂಚಿನಲ್ಲಿ ಬೇರೆ ಛಾಯೆಯದಾಗಿರುತ್ತದೆ.

ಕೊನೆಯದಾಗಿ ಸಂಖ್ಯೆಯ ವಿಚಾರ. 27/100 ಎಂದರೆ ನೂರು ಪ್ರತಿಗಳ ಆವೃತ್ತಿಯಲ್ಲಿ ಇಪ್ಪತ್ತೇಳನೆಯದು. ಎಡಕ್ಕೆ ಸಂಖ್ಯೆ, ನಡುವೆ ಚಿತ್ರದ ಹೆಸರು, ಬಲಕ್ಕೆ ಕಲಾವಿದನ ಸಹಿ, ಎಲ್ಲವೂ ಪೆನ್ಸಿಲಿನಲ್ಲಿ: ಇದು ಇಪ್ಪತ್ತನೆಯ ಶತಮಾನದಲ್ಲಿ ನೆಲೆಗೊಂಡ ಪದ್ಧತಿ, ನಮ್ಮ ಚಿತ್ರಕಲಾ ಶಾಲೆಗಳ ಗ್ರಾಫಿಕ್ ವಿಭಾಗಗಳಲ್ಲಿಯೂ ವಿದ್ಯಾರ್ಥಿಗಳು ಇದನ್ನೇ ಅನುಸರಿಸುತ್ತಾರೆ. ಮಾಸ್ತರರ ಅಜ್ಜನ ಪಟದಲ್ಲಿ ಸಂಖ್ಯೆ ಇಲ್ಲದಿರುವುದು ಲೋಪವಲ್ಲ. ರವಿವರ್ಮನ ಮುದ್ರಣಾಲಯದ ಉದ್ದೇಶವೇ ಆದಷ್ಟು ಹೆಚ್ಚು ಮನೆಗಳಿಗೆ ಪಟಗಳನ್ನು ಮುಟ್ಟಿಸುವುದಾಗಿತ್ತು. ಎಣಿಸಿ ನಿಲ್ಲಿಸುವ ಪ್ರಶ್ನೆಯೇ ಅಲ್ಲಿರಲಿಲ್ಲ. ಹಳೆಯದೆಂದು ಹೇಳಲಾಗುವ ರವಿವರ್ಮನ ಪಟದ ಮೇಲೆ ಪೆನ್ಸಿಲಿನ ಸಂಖ್ಯೆ ಕಂಡರೆ ಸಂತೋಷಪಡುವುದಕ್ಕಿಂತ ಸಂಶಯಪಡುವುದೇ ಯುಕ್ತ.

ಸಂಖ್ಯೆಯನ್ನು ಪರೀಕ್ಷಿಸುವಾಗ ಮೊದಲು ಅದು ಬರೆದುದೋ ಅಚ್ಚು ಹಾಕಿದುದೋ ಎಂದು ನೋಡಬೇಕು. ಪೆನ್ಸಿಲಿನ ಸೀಸವು ಕಾಗದದ ಉಬ್ಬಿದ ನಾರುಗಳನ್ನಷ್ಟೇ ಹಿಡಿದು ತಗ್ಗುಗಳನ್ನು ಬಿಡುತ್ತದೆ. ಓರೆಬೆಳಕಿನಲ್ಲಿ ಲೋಹದಂತೆ ಮಿನುಗುತ್ತದೆ. ಕೈ ಒತ್ತಿದಲ್ಲಿ ಸಣ್ಣ ಹಳ್ಳ ಬಿದ್ದಿರುತ್ತದೆ. ಅಚ್ಚು ಹಾಕಿದ ಸಹಿಯಲ್ಲಿ ಇವಾವುವೂ ಇರದೆ, ಚಿತ್ರದ ಉಳಿದ ಭಾಗದಲ್ಲಿರುವ ಚುಕ್ಕೆಗಳೇ ಅಲ್ಲಿಯೂ ಇರುತ್ತವೆ. ಹೊಸ ಪಟದ 27/100 ನಿಜವಾದ ಪೆನ್ಸಿಲಿನದೇ ಆಗಿತ್ತು, ಮಿನುಗೂ ಹಳ್ಳವೂ ಎರಡೂ ಇದ್ದವು. ಅಷ್ಟರಿಂದ ಸಿದ್ಧವಾದುದು ಯಾರೋ ಒಬ್ಬರು ಪೆನ್ಸಿಲಿನಿಂದ ಬರೆದರೆಂಬುದು ಮಾತ್ರ. ರವಿವರ್ಮನು ತೀರಿಹೋದುದು 1906ರಲ್ಲಿ. ನೇರಳಾತೀತ ದೀಪದ ಕೆಳಗೆ ಬೆಳಗಿದ ಈ ಕಾಗದದ ಮೇಲೆ ಸಂಖ್ಯೆ ಬರೆದ ಕೈ ಆತನದಲ್ಲವೆಂಬುದು ಸ್ಪಷ್ಟವೇ ಇದೆ, ಮತ್ತು ಯಾರದೆಂದು ಪ್ರಮಾಣಪತ್ರವು ಎಲ್ಲಿಯೂ ಹೇಳಿರಲಿಲ್ಲ.

ಚಿಕ್ಕ ಸಂಖ್ಯೆಯ ಪ್ರತಿಯೇ ಶ್ರೇಷ್ಠವೆಂಬ ಮಾತನ್ನು ಮಾರುವವರು ಆಗಾಗ ಹೇಳುತ್ತಿರುತ್ತಾರೆ. ಅದನ್ನೂ ಇಲ್ಲಿ ಪರಿಶೀಲಿಸಬೇಕು. ಉಕ್ಕಿನ ಸೂಜಿಯಿಂದ ತಾಮ್ರದ ತಗಡನ್ನು ನೇರವಾಗಿ ಗೀಚುವ ಡ್ರೈಪಾಯಿಂಟಿನಲ್ಲಿ ಇದು ಒಪ್ಪತಕ್ಕ ಮಾತು. ಗೀಚಿದ ಗೆರೆಯ ಬದಿಗೆ ಎದ್ದುನಿಂತ ಲೋಹದ ಸಿಬಿರು ಮಸಿಯನ್ನು ಹಿಡಿದಿಟ್ಟುಕೊಂಡು ಗೆರೆಗೆ ಮಖಮಲ್ಲಿನಂಥ ಮೃದುತ್ವ ಕೊಡುತ್ತದೆ, ಮತ್ತು ಕೆಲವು ಹತ್ತು ಪ್ರತಿಗಳನ್ನು ತೆಗೆಯುವಷ್ಟರಲ್ಲಿ ಯಂತ್ರದ ಒತ್ತಡಕ್ಕೆ ಸಿಕ್ಕಿ ಮಲಗಿಬಿಡುತ್ತದೆ. ಆದುದರಿಂದ ಅಲ್ಲಿ ಮೂರನೆಯ ಪ್ರತಿಗೂ ಮೂವತ್ತನೆಯದಕ್ಕೂ ಕಣ್ಣಿಗೆ ಕಾಣುವ ಅಂತರವುಂಟು. ಆದರೂ ಸಹಿ ಹಾಕುವ ದಿನ ಹಾಳೆಗಳು ತೆಗೆದ ಕ್ರಮದಲ್ಲಿಯೇ ಇದ್ದವೆಂಬ ಭರವಸೆ ಯಾವಾಗಲೂ ಇರುವುದಿಲ್ಲ. ಇಂಕ್‌ಜೆಟ್ಟಿನಲ್ಲಾದರೋ ಸವೆಯುವ ತಗಡೇ ಇಲ್ಲ. ಮೊದಲನೆಯದೂ ನೂರನೆಯದೂ ಒಂದೇ. ಸವೆಯದ ವಿಧಾನದಲ್ಲಿ ‘ಸೀಮಿತ’ ಎಂಬುದು ಪೂರ್ಣವಾಗಿ ಮಾರುವವನ ವಚನವನ್ನು ಅವಲಂಬಿಸಿದೆ. ಅದೇ ಕಡತವನ್ನು ಬೇರೆ ಅಳತೆಯಲ್ಲಿ ಇನ್ನೊಂದು ನೂರು, ಕ್ಯಾನ್ವಾಸಿನ ಮೇಲೆ ಮತ್ತೊಂದು ನೂರು ತೆಗೆಯುವುದಕ್ಕೆ ಅಡ್ಡಿಯೇನೂ ಇಲ್ಲ. ನೂರರ ಹೊರಗೆ ಕಲಾವಿದನ ಸ್ವಂತದ ಪ್ರತಿಗಳೆಂದು ‘ಎ.ಪಿ.’ ಎಂದು ಗುರುತಿಸಿದವೂ, ರೋಮನ್ ಅಂಕಿಗಳ ಪ್ರತ್ಯೇಕ ಆವೃತ್ತಿಗಳೂ ಇರುವ ವಾಡಿಕೆಯುಂಟು. ಆದಕಾರಣ ಕೇಳಬೇಕಾದ ಪ್ರಶ್ನೆ, ನನ್ನದು ಎಷ್ಟನೆಯದು ಎಂಬುದಲ್ಲ. ಎಲ್ಲ ಅಳತೆಗಳೂ ಎಲ್ಲ ಗುರುತುಗಳೂ ಸೇರಿ ಒಟ್ಟು ಎಷ್ಟು, ಮತ್ತು ಅಚ್ಚಿನ ವಿಧಾನ ಯಾವುದು ಎಂಬುದು.

ಮಾಸ್ತರರು ಈ ಎರಡು ಪ್ರಶ್ನೆಗಳನ್ನೇ ಬರೆದು ಅಂಗಡಿಯವರಿಗೆ ಕಳಿಸಿದರು. ಇಂಕ್‌ಜೆಟ್ ಪಟವನ್ನು ಇಂಕ್‌ಜೆಟ್ಟೆಂದೇ ಹೇಳಿ ಮಾರಿದ್ದರೆ ಆಕ್ಷೇಪಿಸುವ ಕಾರಣವೇ ಇರುತ್ತಿರಲಿಲ್ಲ. ಒಳ್ಳೆಯ ಕಾಗದದ ಮೇಲೆ ವರ್ಣದ್ರವ್ಯದ ಮಸಿಯಿಂದ ಮಾಡಿದ ಅಂಥ ಪ್ರತಿಯು ಬಹುಕಾಲ ಬಾಳುವಂಥದು, ನೋಡಲೂ ಚೆಲುವಾದುದು. ತಪ್ಪಿರುವುದು ಲಿಥೋಗ್ರಾಫ್ ಎಂಬ ಒಂದು ಮಾತಿನಲ್ಲಿ, ಆ ಮಾತಿಗಾಗಿ ತೆತ್ತ ಬೆಲೆಯಲ್ಲಿ.

ಹಳೆಯ ಪಟಕ್ಕೆ ಇನ್ನೊಂದು ವಿಚಾರಣೆ ಉಳಿದಿತ್ತು. ಚುಕ್ಕೆಗಳು ಅದನ್ನು ಕಲ್ಲಚ್ಚೆಂದು ಹೇಳಿದವು, ಕಾಗದವು 1950ಕ್ಕಿಂತ ಹಿಂದಿನದಿರಬಹುದೆಂದು ಹೇಳಿತು. ಆದರೆ ಒಂದೇ ಪಟವನ್ನು ದಶಕಗಳ ಕಾಲ ಮರಳಿ ಮರಳಿ ಅಚ್ಚು ಹಾಕುತ್ತಿದ್ದ ಮುದ್ರಣಾಲಯದ ಕೆಲಸದಲ್ಲಿ, ಚುಕ್ಕೆಗಳಿಂದಷ್ಟೇ ವರ್ಷವನ್ನು ನಿರ್ಣಯಿಸುವುದು ಆಗದ ಮಾತು. ಅದಕ್ಕೆ ಚಿತ್ರದ ಕೆಳಗಿನ ಹೆಸರಿನ ಸಾಲು ಬೇಕು, ಮತ್ತು ಆ ಸಾಲು ಕಟ್ಟಿನ ತುಟಿಯೊಳಗೆ ಅಡಗಿತ್ತು. ಹಿಂದಿನ ಹಲಗೆಯ ಮೊಳೆಗಳನ್ನು ಒಂದೊಂದಾಗಿ ಕಿತ್ತು ಪಟವನ್ನು ಹೊರತೆಗೆದಾಗ, ಕಟ್ಟು ಹಾಕಿದವನು ಅಳತೆಗೆ ಕೂಡಿಸಲೆಂದು ಕೆಳಗಿನ ಅಂಚನ್ನು ಕತ್ತರಿಸಿದುದು ಕಂಡಿತು. ಆದರೂ ಅಕ್ಷರಗಳ ಮೇಲರ್ಧ ಉಳಿದಿತ್ತು: ಮುದ್ರಣಾಲಯದ ಹೆಸರು, ಅದರ ಮುಂದೆ ಕಾರ್ಲಾ ಮತ್ತು ಲೋಣಾವಳಾ ಎಂಬ ಊರುಗಳ ಹೆಸರು. ಮುಂಬಯಿಯ ಹೆಸರು ಇರಲಿಲ್ಲ. ಮುದ್ರಣಾಲಯವು ಘಟ್ಟದ ಮೇಲಕ್ಕೆ ಹೋದ ನಂತರ, ಅಂದರೆ 1899ರ ಸುಮಾರಿನಿಂದ ಈಚೆಗೆ, ಇದು ಅಚ್ಚಾಗಿರಬೇಕು. ಅದಕ್ಕಿಂತ ಹೆಚ್ಚಾಗಿ ಹೇಳಲು ಬೇಕಾದ ಅಕ್ಷರಗಳು ಕತ್ತರಿಯ ಪಾಲಾಗಿದ್ದವು. ಹಳೆಯ ರಟ್ಟನ್ನು ತೆಗೆದುಹಾಕಿ, ಆಮ್ಲವಿಲ್ಲದ ಹತ್ತಿಯ ರಟ್ಟನ್ನು ಹಿಂದೆ ಕೊಟ್ಟು, ಉಳಿದ ಅಂಚು ಪೂರ್ತಿಯಾಗಿ ಕಾಣುವಂತೆ ಅರ್ಧ ಅಂಗುಲ ದೊಡ್ಡದಾದ ಕಟ್ಟನ್ನು ಹಾಕಬೇಕೆಂದು ಮಾಸ್ತರರು ಹುಬ್ಬಳ್ಳಿಯ ಕಟ್ಟಿನ ಅಂಗಡಿಯವನಿಗೆ ಅಳತೆ ಬರೆದುಕೊಟ್ಟರು.